ಹೊಸಬರಿಗೂ ಅರ್ಥವಾಗುವ ಸರದಿ ಕಾಳಗ: ಆಕ್ಷನ್ ಪಾಯಿಂಟ್ ಮತ್ತು ಸರದಿ ಸಾಲನ್ನು ಹಂತ ಹಂತವಾಗಿ ಕಟ್ಟುವುದು ಹೇಗೆ

ಸರದಿ ಪ್ರಕಾರ ನಡೆಯುವ ಕಾಳಗ ಕಟ್ಟಿದವರ ಬಾಯಲ್ಲಿ ಒಂದೇ ದೂರನ್ನು ಮತ್ತೆ ಮತ್ತೆ ಕೇಳಿದ್ದೇನೆ. ಕೋಡ್ ಸರಿಯಾಗಿಯೇ ಓಡುತ್ತದೆ, ಲೆಕ್ಕ ತಪ್ಪಿಲ್ಲ. ಆದರೆ ಮೊದಲ ಸಲ ಆಡುವವರು ಐದು ನಿಮಿಷದಲ್ಲಿ ಕೈಬಿಡುತ್ತಾರೆ. "ನನ್ನ ಸರದಿ ಯಾವಾಗ ಬಂತು? ಶತ್ರು ಯಾಕೆ ಎರಡು ಸಲ ಹೊಡೆದ? ಈ ಬಟನ್ ಯಾಕೆ ಒತ್ತೋಕೆ ಆಗ್ತಿಲ್ಲ?" ಅಂತ ಕೇಳುತ್ತಾರೆ.

ಈ ಮೂರೂ ಪ್ರಶ್ನೆಗಳ ಬೇರು ಎರಡೇ. ಆಟಗಾರ ಕ್ಲಿಕ್ ಮಾಡುವ ಮೊದಲೇ ಅವನಿಗೆ ಎರಡು ವಿಷಯ ಗೊತ್ತಿರಬೇಕು: ನನ್ನ ನಂತರ ಯಾರು? ಇದನ್ನು ಮಾಡಿದರೆ ನನ್ನ ಹತ್ತಿರ ಎಷ್ಟು ಉಳಿಯುತ್ತದೆ? ಕೆಳಗಿನ ಎಲ್ಲ ಹಂತಗಳೂ ಈ ಎರಡಕ್ಕೆ ಉತ್ತರ ಕೊಡಲಿಕ್ಕಾಗಿಯೇ ಇವೆ. ಹಂತಗಳ ಕ್ರಮ ಬದಲಿಸಬೇಡಿ. ಜಾಸ್ತಿ ಜನ ಎಡವುವುದು ಮೊದಲು ಕೋಡ್ ಬರೆದು, ಆಮೇಲೆ ನಿಯಮ ಯೋಚಿಸಿ, ಕೊನೆಗೆ ಪರದೆಯ ಮೇಲೆ ಏನು ತೋರಿಸಬೇಕೆಂದು ನೋಡುವುದರಿಂದ.

## ಶುರು ಮಾಡುವ ಮೊದಲು ಬೇಕಾದದ್ದು

ಚೌಕಳಿ ಕಾಗದ ಒಂದು ಹಾಳೆ, ಕಾಯಿಗಳ ಬದಲಿಗೆ ನಾಲ್ಕು ಗುಂಡಿ, ಪಾಯಿಂಟ್ ಎಣಿಸಲು ನಾಲ್ಕು ನಾಣ್ಯ, ಸರದಿ ತೋರಿಸಲು ನಾಲ್ಕು ಚೀಟಿ. ಆಮೇಲೆ ನಿಮಗೆ ಕೈಬಂದಿರುವ ಯಾವುದಾದರೂ ಗೇಮ್ ಎಂಜಿನ್. ಇಲ್ಲಿನ ಕೋಡ್ ಗೊಡೋ 4 ಎಂಬ ಎಂಜಿನ್‌ನ ಜಿಡಿಸ್ಕ್ರಿಪ್ಟ್ ಭಾಷೆಯಲ್ಲಿದೆ. ಬೇರೆ ಎಂಜಿನ್ ಬಳಸುವವರಿಗೂ ವಿಚಾರ ಅದೇ.

ಚಿತ್ರ, ಸದ್ದು, ಅನಿಮೇಷನ್ ಈಗ ಬೇಡ. ಚೌಕ ಮತ್ತು ವೃತ್ತ ಸಾಕು. ಬಣ್ಣದ ಚೌಕಗಳಲ್ಲಿ ಅರ್ಥವಾಗದ ಕಾಳಗ ಚೆಂದದ ಚಿತ್ರ ಹಾಕಿದರೂ ಅರ್ಥವಾಗುವುದಿಲ್ಲ.

## ಹಂತ 1: ಪಾಯಿಂಟ್ ಎಷ್ಟು, ಯಾವುದಕ್ಕೆ ಎಷ್ಟು ಬೆಲೆ

ಆಕ್ಷನ್ ಪಾಯಿಂಟ್ ಎಂದರೆ ಒಂದು ಸರದಿಯಲ್ಲಿ ನಡೆಯಲು, ಹೊಡೆಯಲು ಖರ್ಚು ಮಾಡುವ ಪಾಯಿಂಟ್. ಪ್ರತಿ ಸರದಿಗೆ 4 ಕೊಡಿ. ಬೆಲೆಗಳು 1, 2, 3 ಮಾತ್ರ ಇರಲಿ. ನಾನು ಶುರು ಮಾಡುವುದು ಹೀಗೆ:

- ನಡೆ: 1 ಪಾಯಿಂಟ್‌ಗೆ ಮೂರು ಮನೆಯವರೆಗೆ
- ರಕ್ಷಣೆ, ಅಂದರೆ ತನ್ನ ಮೇಲೆ ಬೀಳುವ ಹೊಡೆತವನ್ನು ತಗ್ಗಿಸುವುದು: 1 ಪಾಯಿಂಟ್
- ಸಾದಾ ಹೊಡೆತ: 2 ಪಾಯಿಂಟ್
- ಭಾರಿ ಹೊಡೆತ: 3 ಪಾಯಿಂಟ್

ನಾಲ್ಕೇ ಯಾಕೆ? ಸುಮ್ನೆ ಎಣಿಸಿ ನೋಡಿ. 1, 2, 3 ಬೆಲೆಗಳಲ್ಲಿ 4 ಪಾಯಿಂಟ್ ಪೂರ್ತಿ ಖರ್ಚು ಮಾಡಲು ನಾಲ್ಕೇ ದಾರಿ: 1+1+1+1, 1+1+2, 2+2, ಅಥವಾ 1+3. ಹಿಂದುಮುಂದಿನ ಕ್ರಮ ಲೆಕ್ಕಕ್ಕಿಲ್ಲ. ಅದೇ ಬೆಲೆ ಇಟ್ಟುಕೊಂಡು 10 ಪಾಯಿಂಟ್ ಕೊಟ್ಟರೆ ದಾರಿಗಳು 14 ಆಗುತ್ತವೆ. ನಾಲ್ಕು ದಾರಿಯನ್ನು ಯಾರಾದರೂ ತಲೆಯಲ್ಲಿ ಇಟ್ಟುಕೊಳ್ಳಬಹುದು. ಹದಿನಾಲ್ಕನ್ನು ಇಟ್ಟುಕೊಳ್ಳಲು ಹೊಸಬರಿಗೆ ಆಗುವುದಿಲ್ಲ, ಅವರು ಅಂದಾಜಿನಲ್ಲಿ ಒತ್ತಲು ಶುರು ಮಾಡುತ್ತಾರೆ.

ನನ್ನ ಮೊದಲ ಆಟದಲ್ಲಿ 10 ಪಾಯಿಂಟ್ ಇಟ್ಟಿದ್ದೆ, ಹೊಡೆತಕ್ಕೆ 4, ಒಂದು ಮನೆ ನಡೆಗೆ 1. ಎರಡು ಹೊಡೆತ ಆದಮೇಲೆ 2 ಉಳಿಯುತ್ತಿತ್ತು. ಆ ಎರಡರಲ್ಲಿ ಏನು ಮಾಡಬೇಕೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅತ್ತಿತ್ತ ಎರಡು ಮನೆ ನಡೆದು ಸರದಿ ಮುಗಿಸುತ್ತಿದ್ದರು. ಆಮೇಲೆ ಅರ್ಥವಾಯಿತು, ಉಪಯೋಗಕ್ಕೆ ಬಾರದ ಚಿಲ್ಲರೆ ಉಳಿಯುತ್ತಿದೆ ಎಂದರೆ ತಪ್ಪು ಬೆಲೆಪಟ್ಟಿಯದು. ಅದಕ್ಕೇ ಮೇಲಿನ ಪಟ್ಟಿಯಲ್ಲಿ ರಕ್ಷಣೆ ಇದೆ. ಉಳಿದ ಒಂದು ಪಾಯಿಂಟ್‌ಗೆ ಯಾವಾಗಲೂ ಒಂದು ಒಳ್ಳೆಯ ಕೆಲಸ ಇರಬೇಕು.

ಇನ್ನೊಂದು ತೀರ್ಮಾನವನ್ನೂ ಈಗಲೇ ಮಾಡಿ: ಉಳಿದ ಪಾಯಿಂಟ್ ಮುಂದಿನ ಸರದಿಗೆ ಹೋಗುತ್ತದೆಯೇ? ಮೊದಲ ಆವೃತ್ತಿಯಲ್ಲಿ ಬೇಡ ಎಂದೇ ಹೇಳುತ್ತೇನೆ. ಕೂಡಿಡಬಹುದು ಎಂದಾದರೆ ಹೊಸಬರು ಪ್ರತಿ ಸರದಿಯಲ್ಲೂ "ಈಗ ಖರ್ಚು ಮಾಡಲೋ, ಇಡಲೋ" ಎಂದು ಲೆಕ್ಕ ಹಾಕುತ್ತ ಕೂರುತ್ತಾರೆ. ಕಾಳಗವೇ ಅರ್ಥವಾಗಿರುವುದಿಲ್ಲ, ಆಗಲೇ ಉಳಿತಾಯದ ಯೋಚನೆ.

ನಡೆಯ ಬೆಲೆಯನ್ನು ಮನೆಗೊಂದು ಪಾಯಿಂಟ್ ಎಂದು ಇಡಬೇಡಿ. ಹಾಗೆ ಮಾಡಿದರೆ ದೊಡ್ಡ ಅಂಕಣಕ್ಕೆ ದೊಡ್ಡ ಪಾಯಿಂಟ್ ಬೇಕಾಗುತ್ತದೆ, ಮತ್ತೆ 10, 12ಕ್ಕೆ ಹೋಗಿ ನಿಲ್ಲುತ್ತೀರಿ. ಮೂರು ಮನೆಗೆ ಒಂದು ಪಾಯಿಂಟ್ ಎಂದರೆ ಪರದೆಯ ಮೇಲೆ ಪಟ್ಟೆ ಪಟ್ಟೆಯಾಗಿ ತೋರಿಸಬಹುದು: ಈ ಪಟ್ಟೆಯವರೆಗೆ ಒಂದು, ಅದರಾಚೆ ಎರಡು.

## ಹಂತ 2: ಸರದಿಯ ನಿಯಮವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ಪ್ರತಿ ಕಾಯಿಗೂ ಒಂದು ವೇಗದ ಅಂಕಿ ಕೊಡಿ. ನಿಯಮ ಇಷ್ಟೇ: "ವೇಗ ಜಾಸ್ತಿ ಇದ್ದವರು ಮೊದಲು, ಎಲ್ಲರೂ ರೌಂಡಿಗೆ ಒಂದೇ ಸಲ." ಇದಕ್ಕಿಂತ ಉದ್ದವಾದ ವಾಕ್ಯ ಬೇಕಾದರೆ ನಿಯಮ ಇನ್ನೂ ಸರಳವಾಗಬೇಕು.

ದಾಳ ಹಾಕಿ ಸರದಿ ತೀರ್ಮಾನಿಸುವ ಆಸೆ ಎಲ್ಲರಿಗೂ ಬರುತ್ತದೆ. ಪ್ರತಿ ರೌಂಡಿಗೂ ದಾಳ ಹಾಕಿದರೆ ಒಂದು ತೊಂದರೆ ಇದೆ. ಒಂದು ರೌಂಡಿನಲ್ಲಿ ಕೊನೆಗೆ ಬಂದ ಶತ್ರು ಮುಂದಿನ ರೌಂಡಿನಲ್ಲಿ ಮೊದಲು ಬಂದರೆ ಅವನ ಎರಡು ಸರದಿ ಬೆನ್ನಿಗೆ ಬೆನ್ನು ಬರುತ್ತವೆ. ನಿಯಮದ ಪ್ರಕಾರ ಅದು ಸರಿ. ನೋಡುವವನಿಗೆ ಮಾತ್ರ ಶತ್ರು ಎರಡು ಸಲ ಹೊಡೆದಂತೆ ಕಾಣುತ್ತದೆ. ದಾಳ ಬೇಕೇ ಬೇಕು ಎಂದರೆ ಕಾಳಗದ ಆರಂಭದಲ್ಲಿ ಒಂದು ಸಲ ಹಾಕಿ, ಆಮೇಲೆ ಮುಟ್ಟಬೇಡಿ.

ವೇಗ ಸಮ ಬಂದರೆ ಏನು? ಇದನ್ನು ಬರೆಯದೆ ಬಿಡುವವರೇ ಜಾಸ್ತಿ. ನನ್ನ ನಿಯಮ: ಸಮ ಬಂದರೆ ಆಟಗಾರನ ಕಾಯಿ ಮೊದಲು, ಅಲ್ಲೂ ಸಮ ಆದರೆ ಮೊದಲು ಅಂಕಣಕ್ಕೆ ಬಂದ ಕಾಯಿ. ಇದು ನ್ಯಾಯವೋ ಅನ್ಯಾಯವೋ ಎನ್ನುವುದು ಆಮೇಲಿನ ಮಾತು. ಪ್ರತಿ ಸಲವೂ ಒಂದೇ ಉತ್ತರ ಬರಬೇಕು, ಅದು ಮುಖ್ಯ.

## ಹಂತ 3: ಕಾಗದದ ಮೇಲೆ ಒಂದು ರೌಂಡ್ ಆಡಿ

ಈಗ ಗುಂಡಿ, ನಾಣ್ಯ ಹೊರಗೆ ತೆಗೆಯಿರಿ. ನಾಲ್ಕು ಕಾಯಿ ಸಾಕು. ನಮ್ಮ ಕಡೆ ಬಿಲ್ಲುಗಾರ್ತಿ, ವೇಗ 14, ಜೀವ 8, ಬಾಣ ಐದು ಮನೆ ಹೋಗುತ್ತದೆ. ಜೊತೆಗೆ ಕಾವಲುಗಾರ, ವೇಗ 9, ಜೀವ 12. ಎದುರು ಕಡೆ ತೋಳ, ವೇಗ 12, ಜೀವ 6. ಮತ್ತು ಕಳ್ಳ, ವೇಗ 7, ಜೀವ 8. ಎಲ್ಲರ ಸಾದಾ ಹೊಡೆತವೂ 3 ಜೀವ ಕಳೆಯುತ್ತದೆ, ಬೆಲೆ 2 ಪಾಯಿಂಟ್. ಗುರಿ ತಪ್ಪುವ ಮಾತಿಲ್ಲ. ಸರದಿ ಚೀಟಿಗಳನ್ನು ಸಾಲಾಗಿ ಇಡಿ: ಬಿಲ್ಲುಗಾರ್ತಿ, ತೋಳ, ಕಾವಲುಗಾರ, ಕಳ್ಳ.

ಬಿಲ್ಲುಗಾರ್ತಿಗೂ ತೋಳಕ್ಕೂ ನೇರ ಸಾಲಿನಲ್ಲಿ ಎಂಟು ಮನೆ ದೂರ. ಅವಳ ಸರದಿ. ಒಂದು ನಾಣ್ಯ ಕೊಟ್ಟು ಮೂರು ಮನೆ ಮುಂದೆ ಹೋಗುತ್ತಾಳೆ. ದೂರ ಐದಾಯಿತು. ಎರಡು ನಾಣ್ಯ ಕೊಟ್ಟು ಬಾಣ ಬಿಡುತ್ತಾಳೆ. ತೋಳದ ಜೀವ 3ಕ್ಕೆ ಇಳಿಯಿತು. ಕೈಯಲ್ಲಿ ಒಂದು ನಾಣ್ಯ ಉಳಿದಿದೆ.

ಈ ಒಂದು ನಾಣ್ಯದ ಮೇಲೆ ಕಣ್ಣಿಡಿ. ಅವಳು ಅಲ್ಲೇ ನಿಂತರೆ ತೋಳ ಪಕ್ಕಕ್ಕೆ ಬರಲು ನಾಲ್ಕು ಮನೆ ನಡೆಯಬೇಕು. ಅದಕ್ಕೆ ಎರಡು ಪಾಯಿಂಟ್. ಉಳಿದ ಎರಡರಲ್ಲಿ ಕಚ್ಚುತ್ತದೆ. ಅದೇ ಅವಳು ಆ ನಾಣ್ಯ ಕೊಟ್ಟು ಮೂರು ಮನೆ ಹಿಂದೆ ಸರಿದರೆ ದೂರ ಮತ್ತೆ ಎಂಟು. ತೋಳ ಏಳು ಮನೆ ನಡೆಯಬೇಕು, ಮೂರು ಪಾಯಿಂಟ್ ಹೋಗುತ್ತದೆ. ಉಳಿಯುವುದು ಒಂದು, ಕಚ್ಚಲು ಎರಡು ಬೇಕು. ಅಂದರೆ ಒಂದು ಪಾಯಿಂಟ್ ಒಂದು ಕಡಿತವನ್ನು ತಪ್ಪಿಸಿತು.

ಈ ಕಾಳಗದ ಮಜಾ ಇರುವುದೇ ಇಲ್ಲಿ. ಅನುಭವಿ ಆಟಗಾರ ಇದನ್ನು ತಾನೇ ಎಣಿಸುತ್ತಾನೆ. ಹೊಸಬನಿಗೆ ನೀವು ತೋರಿಸದಿದ್ದರೆ ಇಂಥದ್ದೊಂದು ಅವಕಾಶ ಇದೆ ಎಂದೇ ಗೊತ್ತಾಗುವುದಿಲ್ಲ, ಅಲ್ವಾ? ಆ ತೋರಿಸುವ ಕೆಲಸ ಹಂತ 6ರಲ್ಲಿ ಬರುತ್ತದೆ.

ರೌಂಡ್ ಮುಗಿಸೋಣ. ಅವಳು ಹಿಂದೆ ಸರಿದಳು. ತೋಳ ಓಡಿ ಬಂದು ಅವಳ ಪಕ್ಕ ನಿಂತಿತು, ಕಚ್ಚಲಾಗಲಿಲ್ಲ. ಕಾವಲುಗಾರ ಹತ್ತಿರದಲ್ಲೇ ಇದ್ದಾನೆ. ಒಂದು ಪಾಯಿಂಟಿನಲ್ಲಿ ತೋಳದ ಪಕ್ಕ ಬಂದು, ಎರಡರಲ್ಲಿ ಹೊಡೆಯುತ್ತಾನೆ. ತೋಳ ಸತ್ತಿತು. ಉಳಿದ ಒಂದರಲ್ಲಿ ರಕ್ಷಣೆ ಹಿಡಿಯುತ್ತಾನೆ. ಈಗ ಕಳ್ಳನ ಸರದಿ. ಈ ಕೊನೆಯ ವಾಕ್ಯ ನೆನಪಿರಲಿ, ಮುಂದಿನ ಹಂತದಲ್ಲಿ ಕೋಡ್ ತಪ್ಪುವುದು ಇಲ್ಲೇ.

ಕಾಗದದ ಮೇಲೆ ಕಾಳಗ ನಾಲ್ಕೈದು ರೌಂಡಿನಲ್ಲಿ ಮುಗಿಯದಿದ್ದರೆ ಜೀವದ ಅಂಕಿ ಇಳಿಸಿ. ಯಾರೂ ಒಂದು ಸರದಿಯೂ ಆಡದೆ ಸಾಯುತ್ತಿದ್ದರೆ ಆರಂಭದ ದೂರ ಹೆಚ್ಚಿಸಿ. ಮೊದಲು ಸರದಿ ಬಂದವರು ಮೊದಲ ರೌಂಡಿನ ಪಾಯಿಂಟುಗಳಲ್ಲಿ ಅರ್ಧದಷ್ಟನ್ನು ನಡೆಯಲಿಕ್ಕೇ ಖರ್ಚು ಮಾಡುವಷ್ಟು ದೂರ ಇದ್ದರೆ ಸರಿ.

## ಹಂತ 4: ಸರದಿ ಸಾಲನ್ನು ಕೋಡ್‌ನಲ್ಲಿ ಕಟ್ಟಿ

ಮೊದಲು ಸಾಲು ಜೋಡಿಸುವುದು. ಹಂತ 2ರ ನಿಯಮವನ್ನು ಇದ್ದ ಹಾಗೇ ಬರೆಯಿರಿ:

```gdscript
func build_order(units: Array) -> Array:
    var result = units.filter(func(u): return u.alive)
    result.sort_custom(func(a, b):
        if a.speed != b.speed:
            return a.speed > b.speed
        if a.is_player != b.is_player:
            return a.is_player
        return a.id < b.id
    )
    return result
```

`id` ಎಂದರೆ ಕಾಯಿ ಅಂಕಣಕ್ಕೆ ಬಂದ ಕ್ರಮದ ಅಂಕಿ. ಕೊನೆಯ ಈ ಹೋಲಿಕೆ ಬಿಟ್ಟುಬಿಡಬೇಡಿ. ಗೊಡೋದ `sort_custom` ಆಗಲಿ, ಸಿ ಶಾರ್ಪ್‌ನ `List.Sort` ಆಗಲಿ, ಸಮ ಬಂದವರ ಹಿಂದಿನ ಕ್ರಮವನ್ನು ಉಳಿಸುತ್ತೇನೆ ಎಂದು ಭರವಸೆ ಕೊಡುವುದಿಲ್ಲ. ಒಂದೇ ವೇಗದ ಇಬ್ಬರು ಒಂದು ರೌಂಡಿನಲ್ಲಿ ಒಂದು ಕ್ರಮದಲ್ಲಿ, ಇನ್ನೊಂದರಲ್ಲಿ ಬೇರೆ ಕ್ರಮದಲ್ಲಿ ಬರಬಹುದು. ಪರದೆಯ ಮೇಲಿನ ಸರದಿ ಪಟ್ಟಿಯಲ್ಲಿ ಎರಡು ಮುಖಗಳು ಕಾರಣವಿಲ್ಲದೆ ಜಾಗ ಬದಲಿಸಿದರೆ ಮೊದಲು ಇಲ್ಲಿ ನೋಡಿ.

ಆಮೇಲೆ ಸಾವು. ನಮ್ಮ ರೌಂಡಿಗೇ ಹೋಗೋಣ. ಸಾಲಿನಲ್ಲಿ ಬಿಲ್ಲುಗಾರ್ತಿ 0, ತೋಳ 1, ಕಾವಲುಗಾರ 2, ಕಳ್ಳ 3. ಈಗ ಕಾವಲುಗಾರನ ಸರದಿ, ಸಾಲಿನಲ್ಲಿ ಯಾರ ಸರದಿ ಎಂದು ಹೇಳುವ ಸೂಚಿ 2ರಲ್ಲಿದೆ. ಅವನು ತೋಳವನ್ನು ಕೊಂದ. ತೋಳವನ್ನು ಸಾಲಿನಿಂದ ಕಿತ್ತುಹಾಕಿದಿರಿ. ಸಾಲು ಒಂದು ಮನೆ ಎಡಕ್ಕೆ ಜಾರಿತು: ಕಾವಲುಗಾರ 1, ಕಳ್ಳ 2. ಸೂಚಿ ಮಾತ್ರ 2ರಲ್ಲೇ ಇದೆ. ಸರದಿ ಮುಗಿದಾಗ ಸೂಚಿ 3 ಆಗುತ್ತದೆ, ಅಲ್ಲಿ ಯಾರೂ ಇಲ್ಲ, ರೌಂಡ್ ಮುಗಿಯಿತು ಎಂದು ಕೋಡ್ ತಿಳಿಯುತ್ತದೆ. ಕಳ್ಳನಿಗೆ ಸರದಿಯೇ ಸಿಗಲಿಲ್ಲ.

ಈ ದೋಷ ಬೇಗ ಕಣ್ಣಿಗೆ ಬೀಳುವುದಿಲ್ಲ. ಈಗಾಗಲೇ ಆಡಿ ಮುಗಿಸಿದವರು ಸತ್ತಾಗ ಮಾತ್ರ ಹೀಗಾಗುತ್ತದೆ, ಅದೂ ಬಹಳ ಸಲ ಆಟಗಾರನಿಗೇ ಲಾಭವಾಗಿ. ಯಾರೂ ದೂರುವುದಿಲ್ಲ. ಅದೇ ಶತ್ರು ನಿಮ್ಮವರನ್ನು ಕೊಂದಾಗ ಆಟಗಾರನ ಇನ್ನೊಬ್ಬನ ಸರದಿ ಮಾಯವಾಗುತ್ತದೆ. ಆಗ ಅವನಿಗೆ ಆಟದ ಮೇಲಿನ ನಂಬಿಕೆ ಹೋಗುತ್ತದೆ.

ಪರಿಹಾರ ಸುಲಭ. ರೌಂಡ್ ನಡೆಯುವಾಗ ಸಾಲಿನಿಂದ ಯಾರನ್ನೂ ಕೀಳಬೇಡಿ. ಸತ್ತವರಿಗೆ ಗುರುತು ಹಾಕಿ, ಸರದಿ ಬಂದಾಗ ದಾಟಿ ಹೋಗಿ:

```gdscript
func next_unit():
    turn_index += 1
    while turn_index < order.size() and not order[turn_index].alive:
        turn_index += 1
    if turn_index >= order.size():
        order = build_order(all_units)
        turn_index = -1
        return next_unit()
    return order[turn_index]
```

ಇದನ್ನು ಕರೆಯುವ ಮೊದಲು ಗೆಲುವು, ಸೋಲು ತೀರ್ಮಾನವಾಗಿದೆಯೇ ಎಂದು ನೋಡಲೇಬೇಕು. ಎಲ್ಲರೂ ಸತ್ತಿದ್ದರೆ ಈ ಫಂಕ್ಷನ್ ತನ್ನನ್ನೇ ಕರೆದುಕೊಳ್ಳುತ್ತ ಹೋಗುತ್ತದೆ.

ಮೂರನೆಯದು, ಮಧ್ಯದಲ್ಲಿ ವೇಗ ಬದಲಾಗುವುದು. ಕಾವಲುಗಾರನ ಸರದಿಗಿಂತ ಮೊದಲು ತೋಳ ಒಂದು ಊಳು ಹಾಕಿ ಬಿಲ್ಲುಗಾರ್ತಿಯ ವೇಗವನ್ನು 14ರಿಂದ 5ಕ್ಕೆ ಇಳಿಸಿತು ಎಂದುಕೊಳ್ಳಿ. ತಕ್ಷಣ ಸಾಲು ಮತ್ತೆ ಜೋಡಿಸಿದರೆ ಅವಳು ಎಲ್ಲರ ಕೊನೆಗೆ ಹೋಗುತ್ತಾಳೆ. ಆದರೆ ಅವಳು ಈ ರೌಂಡಿನಲ್ಲಿ ಆಡಿ ಆಗಿದೆ. ಶಿಕ್ಷೆ ಕೊಡಲು ಹೋಗಿ ಅವಳಿಗೆ ಎರಡನೇ ಸರದಿ ಕೊಟ್ಟಂತಾಯಿತು! ಅದಕ್ಕೇ ಒಂದೇ ನಿಯಮ: ವೇಗದ ಬದಲಾವಣೆ ಮುಂದಿನ ರೌಂಡಿನಿಂದ. ಮೇಲಿನ ಕೋಡ್‌ನಲ್ಲಿ `build_order` ಕಾಳಗದ ಶುರುವಿನಲ್ಲಿ ಒಂದು ಸಲ, ಆಮೇಲೆ ಪ್ರತಿ ರೌಂಡ್ ಮುಗಿದಾಗ ಮಾತ್ರ ಓಡುವುದು ಇದೇ ಕಾರಣಕ್ಕೆ.

## ಹಂತ 5: ಮುನ್ನೋಟಕ್ಕೂ ಹೊಡೆತಕ್ಕೂ ಒಂದೇ ಲೆಕ್ಕ

ಇಡೀ ಕೆಲಸದಲ್ಲಿ ಒಂದೇ ಒಂದು ಹಂತವನ್ನು ಶ್ರದ್ಧೆಯಿಂದ ಮಾಡುವಷ್ಟು ಸಮಯ ನಿಮಗಿದ್ದರೆ ಇದನ್ನು ಮಾಡಿ.

ಆಟಗಾರ ಗುರಿಯ ಮೇಲೆ ಮೌಸ್ ತಂದಾಗ "2 ಖರ್ಚು, 1 ಉಳಿಯುತ್ತದೆ, 3 ಜೀವ ಕಳೆಯುತ್ತದೆ" ಎಂದು ತೋರಿಸುತ್ತೀರಿ. ಕ್ಲಿಕ್ ಮಾಡಿದಾಗ ಹಾಗೇ ಆಗಬೇಕು. ಸಾಮಾನ್ಯವಾಗಿ ಏನಾಗುತ್ತದೆ ಎಂದರೆ, ತೋರಿಸುವ ಲೆಕ್ಕ ಬಟನ್‌ನ ಕೋಡ್‌ನಲ್ಲಿ, ಹೊಡೆಯುವ ಲೆಕ್ಕ ಕಾಯಿಯ ಕೋಡ್‌ನಲ್ಲಿ ಇರುತ್ತದೆ. ಆರು ವಾರದ ನಂತರ ಕೆಸರಿನಲ್ಲಿ ನಿಂತವರಿಗೆ ಹೊಡೆತದ ಬೆಲೆ ಒಂದು ಜಾಸ್ತಿ ಎಂಬ ನಿಯಮ ಸೇರಿಸುತ್ತೀರಿ. ಒಂದು ಕಡೆ ಸೇರಿಸಿ ಇನ್ನೊಂದು ಕಡೆ ಮರೆಯುತ್ತೀರಿ. ಪರದೆ 2 ಎನ್ನುತ್ತದೆ, ಹೋಗುವುದು 3.

ಅದಕ್ಕೆ ಲೆಕ್ಕ ಹಾಕುವ ಫಂಕ್ಷನ್ ಒಂದೇ ಇರಲಿ. ಅದು ಏನನ್ನೂ ಬದಲಿಸಬಾರದು, ಉತ್ತರ ಮಾತ್ರ ಹೇಳಬೇಕು:

```gdscript
func plan_attack(a, target) -> Dictionary:
    var cost = a.attack_cost
    var reason = ""
    if distance(a, target) > a.attack_range:
        reason = "ಗುರಿ ದೂರ ಇದೆ"
    elif a.ap < cost:
        reason = "%d ಪಾಯಿಂಟ್ ಬೇಕು, %d ಇದೆ" % [cost, a.ap]
    return {
        "ok": reason == "",
        "reason": reason,
        "cost": cost,
        "ap_left": a.ap - cost,
        "damage": max(a.damage - target.guard, 0)
    }
```

ಪರದೆ ಇದನ್ನು ಕರೆದು ತೋರಿಸುತ್ತದೆ. ಹೊಡೆಯುವ ಫಂಕ್ಷನ್ ಇದನ್ನೇ ಕರೆದು ಬಂದ ಉತ್ತರವನ್ನು ಜಾರಿ ಮಾಡುತ್ತದೆ. ಶತ್ರುವಿನ ಕೋಡ್ ಕೂಡ ಇದನ್ನೇ ಕರೆಯುತ್ತದೆ. ಕೆಸರಿನ ನಿಯಮ ಒಂದೇ ಜಾಗಕ್ಕೆ ಸೇರುತ್ತದೆ. `reason` ಕೂಡ ಇಲ್ಲೇ ಹುಟ್ಟುವುದರಿಂದ, ಬಟನ್ ಯಾಕೆ ಮಂಕಾಗಿದೆ ಎಂಬುದಕ್ಕೆ ಉತ್ತರ ತಾನಾಗಿಯೇ ಸಿಗುತ್ತದೆ.

ಇದರ ಜೊತೆಗೆ ಕಾಳಗಕ್ಕೆ ನಾಲ್ಕು ಸ್ಥಿತಿ ಇಡಿ: ಆಯ್ಕೆ, ಮುನ್ನೋಟ, ಜಾರಿ, ತಪಾಸಣೆ. ಜಾರಿ ನಡೆಯುವಾಗ ಯಾವ ಕ್ಲಿಕ್ಕನ್ನೂ ತೆಗೆದುಕೊಳ್ಳಬೇಡಿ. ಜೀವ, ಪಾಯಿಂಟ್ ಮೊದಲು ಬದಲಾಗಲಿ, ಅನಿಮೇಷನ್ ಆಮೇಲೆ ಓಡಲಿ. ಉಲ್ಟಾ ಮಾಡಿದರೆ ಬಾಣ ಹಾರುತ್ತಿರುವಾಗ ಇನ್ನೊಂದು ಸಲ ಒತ್ತಿದವರಿಗೆ ಎರಡು ಸಲ ಪಾಯಿಂಟ್ ಹೋಗುತ್ತದೆ. ತಪಾಸಣೆಯಲ್ಲಿ ಯಾರು ಸತ್ತರು, ಕಾಳಗ ಮುಗಿಯಿತೇ, ಪಾಯಿಂಟ್ ಉಳಿದಿದೆಯೇ ಎಂದು ಈ ಕ್ರಮದಲ್ಲೇ ನೋಡಿ.

## ಹಂತ 6: ಪರದೆಯ ಮೇಲೆ ಏನು ಇರಬೇಕು

ಸರದಿ ಪಟ್ಟಿ ಮೇಲ್ಗಡೆ, ಎಡದಿಂದ ಬಲಕ್ಕೆ. ಎಡ ತುದಿಯಲ್ಲಿ ಈಗ ಆಡುವವರು, ಉಳಿದವರಿಗಿಂತ ದೊಡ್ಡ ಚಿತ್ರ. ಈ ರೌಂಡಿನ ಕೊನೆಯಲ್ಲಿ ಒಂದು ಗೆರೆ, ಗೆರೆಯ ಆಚೆ ಮುಂದಿನ ರೌಂಡಿನ ಮೊದಲ ಇಬ್ಬರು ಮೂವರು. ಗೆರೆ ಇಲ್ಲದಿದ್ದರೆ ಪಟ್ಟಿಯಲ್ಲಿ ಕೊನೆಗೆ ಬಂದವನ ನಂತರ ಯಾರು ಎಂದು ಹೊಸಬರಿಗೆ ಗೊತ್ತಾಗುವುದಿಲ್ಲ. ವೇಗ ಕುಗ್ಗಿಸುವ ಹೊಡೆತವನ್ನು ಮುನ್ನೋಟದಲ್ಲಿ ಹಿಡಿದಾಗ ಗೆರೆಯ ಆಚೆಗಿನ ಸಾಲು ಹೇಗೆ ಬದಲಾಗುತ್ತದೆ ಎಂದು ಅಲ್ಲೇ ತೋರಿಸಿ. ಮುಂದಿನ ರೌಂಡಿನಿಂದ ಎಂಬ ನಿಯಮವನ್ನು ಬಾಯಲ್ಲಿ ಹೇಳುವ ಅಗತ್ಯ ಬೀಳುವುದಿಲ್ಲ.

ಪಟ್ಟಿಯ ಮುಖದ ಮೇಲೆ ಮೌಸ್ ತಂದರೆ ಅಂಕಣದ ಮೇಲಿನ ಕಾಯಿ ಹೊಳೆಯಬೇಕು. ಕಾಯಿಯ ಮೇಲೆ ತಂದರೆ ಪಟ್ಟಿಯ ಮುಖ ಹೊಳೆಯಬೇಕು. ಒಂದೇ ಥರದ ಮೂರು ತೋಳಗಳು ಇದ್ದಾಗ ಇದಿಲ್ಲದೆ ಆಡಲು ಸಾಧ್ಯವೇ ಇಲ್ಲ.

ಪಾಯಿಂಟನ್ನು ಅಂಕಿಯಾಗಿ ಬರೆಯಬೇಡಿ, ನಾಲ್ಕು ಗುಂಡು ಬೊಟ್ಟುಗಳಾಗಿ ತೋರಿಸಿ. ಕಾಗದದ ಮೇಲಿನ ನಾಣ್ಯಗಳ ಹಾಗೆ. ಮುನ್ನೋಟದಲ್ಲಿ ಖರ್ಚಾಗಲಿರುವ ಬೊಟ್ಟುಗಳು ಮಿಣುಕಲಿ, ಉಳಿಯುವವು ತುಂಬಿದಂತೆ ಇರಲಿ. 4ರಲ್ಲಿ 3 ಕಳೆಯುವುದು ಯಾರಿಗೂ ಕಷ್ಟವಲ್ಲ. ಆದರೆ ಕಣ್ಣಿಗೆ ಕಾಣುವುದನ್ನು ಲೆಕ್ಕ ಹಾಕುವ ಗೋಜೇ ಇಲ್ಲ.

ಇನ್ನು ಬಿಲ್ಲುಗಾರ್ತಿಯ ಆ ಒಂದು ನಾಣ್ಯ. ಅದನ್ನು ಹೊಸಬರಿಗೆ ಕಾಣಿಸಲು ಶತ್ರುವಿನ ಕೈ ಎಲ್ಲಿಯವರೆಗೆ ಚಾಚುತ್ತದೆ ಎಂದು ಬಣ್ಣ ಹಾಕಿ. ತೋಳದ ಲೆಕ್ಕ: 4 ಪಾಯಿಂಟಿನಲ್ಲಿ ಕಚ್ಚಲು 2 ತೆಗೆದಿಡಿ, ಉಳಿದ 2ರಲ್ಲಿ ಆರು ಮನೆ ನಡೆಯಬಹುದು, ಪಕ್ಕದ ಮನೆಗೆ ಕಚ್ಚಬಹುದು. ಹಾಗಾಗಿ ನಡೆದು ತಲುಪಬಹುದಾದ ಏಳು ಮನೆಯವರೆಗೆ ಅಪಾಯ. ಅವಳು ಐದನೇ ಮನೆಯಲ್ಲಿ ನಿಂತಾಗ ಕಾಲಡಿ ಅಪಾಯದ ಬಣ್ಣ ಇರುತ್ತದೆ. ಎಂಟನೇ ಮನೆಯ ಮೇಲೆ ಮೌಸ್ ತಂದರೆ ಅಲ್ಲಿ ಬಣ್ಣ ಇಲ್ಲ. ಒಂದು ಬೊಟ್ಟು ಉಳಿದಿದೆ, ಹಿಂದೆ ಮೂರು ಮನೆ ಇದೆ. ಯಾರೂ ಏನೂ ಹೇಳದೆ ಆಟಗಾರ ಹಿಂದೆ ಸರಿಯುತ್ತಾನೆ. ಇದನ್ನು ನಾನು ಎದುರಿಗೆ ಕೂತು ನೋಡಿದ್ದೇನೆ. ಬರೀ ಬಣ್ಣದ ಮೇಲೆ ನಂಬಿಕೆ ಇಡಬೇಡಿ, ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣದವರಿದ್ದಾರೆ. ಅಪಾಯದ ಮನೆಗಳಿಗೆ ಅಡ್ಡಗೆರೆಯನ್ನೂ ಹಾಕಿ.

ಮಂಕಾದ ಬಟನ್ ಒತ್ತಿದಾಗ `reason` ತೋರಿಸಿ. ಏನೂ ಆಗದ ಬಟನ್ ಎಂದರೆ ಆಟ ಕೆಟ್ಟಿದೆ ಎಂದೇ ಹೊಸಬರು ತಿಳಿಯುತ್ತಾರೆ.

ನಡೆಯನ್ನು ವಾಪಸ್ ತೆಗೆದುಕೊಳ್ಳಲು ಬಿಡಿ. ಹೊಡೆತ ಆದಮೇಲೆ, ಅಥವಾ ಮರೆಯಲ್ಲಿದ್ದ ಶತ್ರು ಕಣ್ಣಿಗೆ ಬಿದ್ದಮೇಲೆ ಬೇಡ.

"ಪಾಯಿಂಟ್ ಉಳಿದಿದೆ, ಸರದಿ ಮುಗಿಸಲೇ?" ಎಂದು ಪ್ರತಿ ಸಲ ಕೇಳಬೇಡಿ. ಮೂರನೇ ಸಲಕ್ಕೆ ಓದದೆ ಒತ್ತುವುದು ಅಭ್ಯಾಸವಾಗುತ್ತದೆ. ಹೊಡೆಯುವ ಅಳತೆಯಲ್ಲಿ ಶತ್ರು ಇದ್ದು, ಹೊಡೆಯಲು ಸಾಕಾಗುವಷ್ಟು ಪಾಯಿಂಟೂ ಇದ್ದರೆ ಮಾತ್ರ ಕೇಳಿ.

## ಹಂತ 7: ಶತ್ರು ಅದೇ ನಿಯಮದಲ್ಲಿ ಆಡಲಿ, ನಿಧಾನವಾಗಿ ಆಡಲಿ

ಶತ್ರುವಿಗೂ 4 ಪಾಯಿಂಟ್, ಅದೇ ಬೆಲೆ. ಕಷ್ಟ ಹೆಚ್ಚಿಸಬೇಕಾದರೆ ಜೀವ ಹೆಚ್ಚಿಸಿ, ಸಂಖ್ಯೆ ಹೆಚ್ಚಿಸಿ, ಪಾಯಿಂಟ್ ಮುಟ್ಟಬೇಡಿ. ಶತ್ರುವಿಗೆ 6 ಪಾಯಿಂಟ್ ಕೊಟ್ಟ ದಿನ ಆಟಗಾರ ತನ್ನ ಸರದಿಯಲ್ಲಿ ಕಲಿತದ್ದು ಶತ್ರುವಿನ ಸರದಿಗೆ ಉಪಯೋಗಕ್ಕೆ ಬರುವುದಿಲ್ಲ. ತೋಳದ ಏಳು ಮನೆಯ ಲೆಕ್ಕ ಅವನು ತಾನೇ ಹಾಕಲು ಸಾಧ್ಯವಾದದ್ದು ನಿಯಮ ಒಂದೇ ಆಗಿದ್ದರಿಂದ.

ಶತ್ರುವಿನ ಬೊಟ್ಟುಗಳೂ ಪರದೆಯ ಮೇಲೆ ಕಾಣಲಿ. ಅದು ಒಂದು ಪಾಯಿಂಟಿನ ನಡೆ ನಡೆದಾಗ ಒಂದು ಬೊಟ್ಟು ಆರಲಿ, ಅರ್ಧ ಸೆಕೆಂಡ್ ಬಿಟ್ಟು ಮುಂದಿನ ಕೆಲಸ ಮಾಡಲಿ. ತೋಳ ಓಡಿ ಬಂದು ಒಂದೇ ಬೊಟ್ಟು ಉಳಿದು ಸುಮ್ಮನೆ ನಿಂತದ್ದನ್ನು ನೋಡಿದ ಆಟಗಾರನಿಗೆ ಯಾವ ಪಾಠವೂ ಬೇಕಾಗುವುದಿಲ್ಲ. ಹತ್ತು ಕಾಳಗ ಆಡಿದವರಿಗೆ ಈ ವೇಗ ಬೇಸರ ತರಿಸುತ್ತದೆ, ಆದ್ದರಿಂದ ವೇಗ ಹೆಚ್ಚಿಸುವ ಆಯ್ಕೆ ಕೊಡಿ. ಮೊದಲ ಸಲಕ್ಕೆ ನಿಧಾನವೇ ಇರಲಿ.

ಗುರಿ ತಪ್ಪುವ ಸಾಧ್ಯತೆಯನ್ನು ಇಲ್ಲಿಯವರೆಗೆ ತರಲಿಲ್ಲ. ಬೇಕಾದರೆ ಕೊನೆಗೆ ತನ್ನಿ. ಶೇಕಡಾ 80 ಎಂದು ಬರೆದರೆ ಹೊಸಬರು ಅದನ್ನು "ತಗಲುತ್ತದೆ" ಎಂದೇ ಓದುತ್ತಾರೆ. ಆದರೆ ಸತತ ಮೂರು ಬಾಣವೂ ತಗಲುವ ಸಾಧ್ಯತೆ ಸುಮಾರು ಅರ್ಧ ಮಾತ್ರ. ಸರದಿ ಮತ್ತು ಪಾಯಿಂಟ್ ಇನ್ನೂ ಕೈಗೆ ಹತ್ತದವರಿಗೆ ತಪ್ಪಿದ ಬಾಣ ತನ್ನ ತಪ್ಪೋ ಆಟದ ತಪ್ಪೋ ಎಂದು ಗೊತ್ತಾಗುವುದಿಲ್ಲ.

## ಹಂತ 8: ಮೊದಲ ಮೂರು ಕಾಳಗಗಳ ಕ್ರಮ

ಮೊದಲನೆಯದು ಒಬ್ಬರಿಗೊಬ್ಬರು. ನಡೆ ಮತ್ತು ಸಾದಾ ಹೊಡೆತ ಮಾತ್ರ. ಸರದಿ ಪಟ್ಟಿ ಇರಲಿ, ಎರಡೇ ಮುಖ. ಎರಡನೆಯದರಲ್ಲಿ ಇಬ್ಬರಿಗಿಬ್ಬರು, ರಕ್ಷಣೆ ಸೇರಿಸಿ. ನಮ್ಮ ತೋಳದ ಕಾಳಗ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಮೂರನೆಯದರಲ್ಲಿ ಭಾರಿ ಹೊಡೆತ, ವೇಗ ಕುಗ್ಗಿಸುವ ಹೊಡೆತ.

ಪಾಯಿಂಟ್ ಮಾತ್ರ ಮೂರರಲ್ಲೂ 4 ಇರಲಿ. ಸುಲಭವಾಗಲಿ ಎಂದು ಮೊದಲ ಕಾಳಗಕ್ಕೆ 2 ಕೊಟ್ಟು ಆಮೇಲೆ 4 ಮಾಡುವವರಿದ್ದಾರೆ. ಆಟಗಾರ ಆಗಷ್ಟೇ ಕಲಿತ ಲೆಕ್ಕವನ್ನು ಮರೆತು ಮತ್ತೆ ಕಲಿಯಬೇಕಾಗುತ್ತದೆ.

## ಹಂತ 9: ಬಾಯಿ ಮುಚ್ಚಿ ಪಕ್ಕದಲ್ಲಿ ಕೂತು ನೋಡಿ

ಈ ಥರದ ಆಟ ಆಡಿರದ ಐದಾರು ಜನರನ್ನು ಒಬ್ಬೊಬ್ಬರಾಗಿ ಕೂರಿಸಿ. ಏನನ್ನೂ ವಿವರಿಸಬೇಡಿ. ಎರಡನೇ ಕಾಳಗದಲ್ಲಿ ಪ್ರತಿ ಸರದಿಯ ಆರಂಭದಲ್ಲಿ ತಡೆದು ಎರಡೇ ಪ್ರಶ್ನೆ ಕೇಳಿ: "ನಿಮ್ಮ ನಂತರ ಯಾರು? ಈಗ ಮಾಡಬೇಕೆಂದಿರುವುದನ್ನು ಮಾಡಿದರೆ ಎಷ್ಟು ಉಳಿಯುತ್ತದೆ?" ಉತ್ತರ ಬರೆದುಕೊಳ್ಳಿ, ಸರಿ ತಪ್ಪು ಹೇಳಬೇಡಿ.

ಮೊದಲ ಪ್ರಶ್ನೆಗೆ ತಡವರಿಸಿದರೆ ಅವರ ಕಣ್ಣು ಎಲ್ಲಿ ಹೋಗುತ್ತದೆ ನೋಡಿ. ಪಟ್ಟಿಯ ಕಡೆ ಹೋಗದೆ ಅಂಕಣದಲ್ಲೇ ಹುಡುಕಿದರೆ ಪಟ್ಟಿ ಕಣ್ಣಿಗೆ ಬಿದ್ದಿಲ್ಲ. ಅದನ್ನು ದೊಡ್ಡದು ಮಾಡಿ, ಸರದಿ ಬದಲಾದಾಗ ಮುಖಗಳು ಎಡಕ್ಕೆ ಜಾರುವುದು ಕಾಣುವಂತೆ ಮಾಡಿ. ಎರಡನೇ ಪ್ರಶ್ನೆಗೆ ತಪ್ಪು ಬಂದರೆ ಬೆಲೆ ಬಟನ್ ಮೇಲೆ ಇದೆಯೇ ಎಂದು ನೋಡಿ. ಹಲವು ಸಲ ಅದು ಮೌಸ್ ತಂದಮೇಲೆ ಮಾತ್ರ ಕಾಣುವ ಪೆಟ್ಟಿಗೆಯಲ್ಲಿ ಅಡಗಿರುತ್ತದೆ.

ಪ್ರತಿ ಸರದಿಯ ಕೊನೆಗೆ ಎಷ್ಟು ಪಾಯಿಂಟ್ ಉಳಿಯಿತು ಎಂದು ಆಟವೇ ಒಂದು ಕಡತಕ್ಕೆ ಬರೆಯಲಿ. ಒಂದು ಉಳಿಯುತ್ತಿದ್ದರೆ ರಕ್ಷಣೆ ಯಾರಿಗೂ ಲಾಭ ಅನಿಸುತ್ತಿಲ್ಲ, ಅದನ್ನು ಬಲಪಡಿಸಿ. ಎರಡು ಉಳಿಯುತ್ತಿದ್ದರೆ, ಶತ್ರು ಹತ್ತಿರದಲ್ಲಿದ್ದರೂ, ಇನ್ನೊಂದು ಸಲ ಹೊಡೆಯಬಹುದು ಎಂದೇ ಅವರಿಗೆ ಗೊತ್ತಿಲ್ಲ. ಹೊಡೆದ ತಕ್ಷಣ ಸರದಿ ಮುಗಿಯಿತು ಎಂದುಕೊಂಡಿದ್ದಾರೆ. ಆಗ ಹೊಡೆತದ ನಂತರ ಕ್ಯಾಮೆರಾ ಅದೇ ಕಾಯಿಯ ಮೇಲೆ ವಾಪಸ್ ಬಂದು ಉಳಿದ ಬೊಟ್ಟುಗಳು ಒಮ್ಮೆ ಮಿನುಗುವಂತೆ ಮಾಡಿ.

"ಅವನು ಎರಡು ಸಲ ಆಡಿದ" ಎಂದು ಯಾರಾದರೂ ಹೇಳಿದರೆ ಇಲ್ಲ ಎಂದು ವಾದ ಮಾಡಬೇಡಿ. ಸರದಿ ಸಾಲಿನ ದಾಖಲೆ ತೆಗೆದು ನೋಡಿ. ನಿಜವಾಗಿಯೂ ಎರಡು ಸಲ ಆಡಿದ್ದರೆ ಹಂತ 4ಕ್ಕೆ ಹೋಗಿ. ರೌಂಡಿನ ಕೊನೆಗೆ ಒಂದು, ಮುಂದಿನದರ ಶುರುವಿಗೆ ಒಂದು ಎಂದಾಗಿದ್ದರೆ ಪಟ್ಟಿಯ ಆ ಗೆರೆ ಇನ್ನೂ ದಪ್ಪ ಆಗಬೇಕು.